ಮೊದಲ ಪಾಠ ಉಚಿತ: ಆನ್‌ಲೈನ್ ಸಂಗೀತ ತರಗತಿಗೆ ಕ್ಯಾಪ್ಷನ್ ಬರೆಯುವ ಬಗೆ

ಮೈಸೂರಿನಲ್ಲಿ ಮನೆಯಲ್ಲೇ ಕರ್ನಾಟಕ ಸಂಗೀತದ ಗಾಯನ ಹೇಳಿಕೊಡುವ ಮೇಡಂ ಒಬ್ಬರು ಆನ್‌ಲೈನ್ ತರಗತಿ ಶುರುಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಪಾಠ ದೊಡ್ಡವರಿಗೆ, ಇದುವರೆಗೆ ಏನೂ ಕಲಿಯದವರಿಗೆ. ಮೊದಲ ಪಾಠ ಉಚಿತ. ಇದನ್ನು ಇನ್‌ಸ್ಟಾಗ್ರಾಂನಲ್ಲಿ ಒಂದು ಚಿತ್ರ, ಅದರ ಕೆಳಗೆ ಒಂದು ಕ್ಯಾಪ್ಷನ್ ಹಾಕಿ ಊರಿಗೆ ತಿಳಿಸಬೇಕು. ಚಿತ್ರಕ್ಕೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ತಂಬೂರಿ, ಸರಸ್ವತಿ, ರೇಷ್ಮೆ ಸೀರೆ ಎಲ್ಲ ಬರುತ್ತವೆ. ಕ್ಯಾಪ್ಷನ್ನನ್ನು ಮಾತ್ರ ಕೊನೆಯ ಹತ್ತು ನಿಮಿಷದಲ್ಲಿ ಗೀಚಿ ಮುಗಿಸುತ್ತಾರೆ. ಜನ ತರಗತಿಗೆ ಬಂದು ಕೂರುವುದು, ಕೂರದೇ ಇರುವುದು ನಿಂತಿರುವುದು ಆ ಬರಹದ ಮೇಲೆ.

ಮೇಡಂ ಮೊದಲು ಬರೆದದ್ದು ನಮಗೆಲ್ಲ ಪರಿಚಿತವಾದ ಮಾತು: "ಗುರುಹಿರಿಯರ ಆಶೀರ್ವಾದದಿಂದ ನಮ್ಮ ಸಂಗೀತ ಶಾಲೆಯ ಆನ್‌ಲೈನ್ ತರಗತಿಗಳನ್ನು ಆರಂಭಿಸುತ್ತಿದ್ದೇವೆ ಎಂದು ತಿಳಿಸಲು ಹರ್ಷಿಸುತ್ತೇವೆ." ಆಮಂತ್ರಣ ಪತ್ರಿಕೆಗೆ ಇದು ಸರಿ. ಫೋನಿನಲ್ಲಿ ಇದು ಕೆಲಸ ಕೆಡಿಸುತ್ತದೆ. ಇನ್‌ಸ್ಟಾಗ್ರಾಂ ಒಂದು ಕ್ಯಾಪ್ಷನ್ನಿಗೆ 2,200 ಅಕ್ಷರಗಳವರೆಗೆ ಜಾಗ ಕೊಡುತ್ತದಾದರೂ, ಬೆರಳಿನಿಂದ ಸರಿಸುತ್ತ ಹೋಗುವವರ ಕಣ್ಣಿಗೆ ಬೀಳುವುದು ಸುಮಾರು ಮೊದಲ 125 ಮಾತ್ರ. ಉಳಿದದ್ದು 'more' ಎಂಬ ಪುಟ್ಟ ಪದದ ಹಿಂದೆ ಅಡಗುತ್ತದೆ. ಅದನ್ನು ಒತ್ತಬೇಕೆನಿಸುವುದು ಮೊದಲ ಸಾಲಿನಲ್ಲಿ ತನಗೆ ಬೇಕಾದ ವಿಷಯವಿದೆ ಎಂದು ಕಂಡವರಿಗೆ ಮಾತ್ರ.

ಕನ್ನಡದಲ್ಲಿ ಬರೆಯುವವರಿಗೆ ಈ ಜಾಗ ಇನ್ನೂ ಕಿರಿದು. ನಾವು 'ಸಂಗೀತ' ಎಂಬುದನ್ನು ಮೂರು ಅಕ್ಷರ ಎನ್ನುತ್ತೇವೆ. ಕಂಪ್ಯೂಟರ್ ಅದನ್ನು ಸ, ಸೊನ್ನೆ, ಗ, ದೀರ್ಘದ ಗುರುತು, ತ ಎಂದು ಐದಾಗಿ ಎಣಿಸುತ್ತದೆ. ಒತ್ತಕ್ಷರಕ್ಕೆ ಇನ್ನೂ ಹೆಚ್ಚು: 'ನ್ನು' ಎಂಬುದೊಂದೇ ನಾಲ್ಕು. ಈ ಲೆಕ್ಕದಲ್ಲಿ ಮೇಡಂ ಅವರ ಹರ್ಷದ ವಾಕ್ಯ ನೂರನ್ನು ದಾಟಿಬಿಡುತ್ತದೆ. ಪಾಠ ಯಾರಿಗೆ, ಯಾವಾಗ, ಉಚಿತವೇ ಎಂಬ ಮೂರೂ ಸಂಗತಿ ಮಡಿಕೆಯ ಒಳಗೆ ಉಳಿದವು.

ಅದೇ ಜಾಗದಲ್ಲಿ ಹೀಗೆ ಬರೆಯಬಹುದು: "ಇದುವರೆಗೆ ಕಲಿಯದ ದೊಡ್ಡವರಿಗೆ ಸರಳೆ ವರಸೆಯಿಂದ ಕರ್ನಾಟಕ ಸಂಗೀತ. ಮೊದಲ ಪಾಠ ಉಚಿತ: ಜೂನ್ 6, ಶನಿವಾರ ಬೆಳಿಗ್ಗೆ 7." ಇದು ಕಂಪ್ಯೂಟರಿನ ಲೆಕ್ಕದಲ್ಲೂ ನೂರರೊಳಗೇ ಇದೆ. 'ದೊಡ್ಡವರಿಗೆ' ಎಂಬ ಪದ ಇಲ್ಲಿ ಬಹಳ ಕೆಲಸ ಮಾಡುತ್ತದೆ. ನಲವತ್ತರ ಮೇಲೆ ಸಂಗೀತ ಕಲಿಯಬೇಕೆನ್ನುವವರಿಗೆ ಇರುವ ದೊಡ್ಡ ಅಳುಕೆಂದರೆ ಎಂಟು ವರ್ಷದ ಮಕ್ಕಳ ಪಕ್ಕ ಕೂರಬೇಕಾಗುತ್ತದಲ್ಲ ಎಂಬುದು. ಆ ಅಳುಕು ಮೊದಲ ಸಾಲಿನಲ್ಲೇ ಹೋಯಿತು. ಮಕ್ಕಳನ್ನು ಸೇರಿಸಲು ಬಂದ ತಾಯಂದಿರಿಗೂ ಇದು ತಮಗಲ್ಲವೆಂದು ತಕ್ಷಣ ಗೊತ್ತಾಯಿತು. ಅವರ ಸಮಯವೂ ಮೇಡಂ ಸಮಯವೂ ಉಳಿಯಿತು. ಗುರುಪರಂಪರೆ, ಪ್ರಶಸ್ತಿ, ಕಛೇರಿಗಳ ಪಟ್ಟಿ ಬೇಡವೆಂದಲ್ಲ. ಅವನ್ನು ಪ್ರೊಫೈಲ್‌ನಲ್ಲಿ ಹಾಕಿದರೆ ನಂಬಿಕೆ ಬೇಕಾದವರು ಅಲ್ಲಿಗೇ ಹೋಗಿ ಓದುತ್ತಾರೆ.

ಉಚಿತ ಪಾಠದಲ್ಲಿ ಏನಿರುತ್ತದೆ ಎಂಬುದು ಇನ್ನೂ ಮುಖ್ಯ. ಕ್ಯಾಪ್ಷನ್ ಬರೆಯುವ ಮೊದಲೇ ಇದು ತೀರ್ಮಾನವಾಗಿರಬೇಕು. ಆನ್‌ಲೈನ್ ಸಂಗೀತದಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ತಿಳಿಯದೆ ಬರೆದರೆ ಮೊದಲ ದಿನವೇ ಮಾತು ತಪ್ಪಿದಂತಾಗುತ್ತದೆ. "ಬನ್ನಿ, ಎಲ್ಲರೂ ಜೊತೆಯಾಗಿ ಹಾಡೋಣ" ಎಂದು ಬರೆಯುವವರಿದ್ದಾರೆ. ಝೂಮ್‌ನಲ್ಲಿ ಜೊತೆಯಾಗಿ ಹಾಡಲು ಸಾಧ್ಯವಿಲ್ಲ. ಒಬ್ಬರ ದನಿ ಇನ್ನೊಬ್ಬರನ್ನು ತಲುಪಲು ತಡವಾಗುತ್ತದೆ. ಮೇಡಂ ಹಾಡಿದ್ದು ಶಿಷ್ಯರಿಗೆ ಕೇಳಿ, ಶಿಷ್ಯರು ಹಾಡಿದ್ದು ಮೇಡಂ ಕಿವಿಗೆ ಮರಳಲು ಕಾಲು ಸೆಕೆಂಡು ಹಿಡಿಯಿತೆಂದೇ ಇಟ್ಟುಕೊಳ್ಳಿ. ತಾಳದ ಒಂದೊಂದು ಎಣಿಕೆಗೆ ಒಂದು ಸೆಕೆಂಡು ಎಂದರೆ, ಒಂದನೇ ಕಾಲದಲ್ಲಿ ಒಂದು ಸ್ವರಕ್ಕೆ ಒಂದು ಸೆಕೆಂಡು, ಹೇಗೋ ಸುಧಾರಿಸಿಕೊಳ್ಳಬಹುದು. ಮೂರನೇ ಕಾಲದಲ್ಲಿ ಒಂದೆಣಿಕೆಗೆ ನಾಲ್ಕು ಸ್ವರ, ಅಂದರೆ ಸ್ವರಕ್ಕೆ ಕಾಲು ಸೆಕೆಂಡು. ಮೇಡಂ 'ಗ' ಹಾಡುವಾಗ ಅವರಿಗೆ ಶಿಷ್ಯರ 'ರಿ' ಕೇಳುತ್ತಿರುತ್ತದೆ. ಎಂಟು ಜನರ ಮೈಕ್ ಒಟ್ಟಿಗೆ ತೆರೆದಿದ್ದರೆ ಎಂಟು ಬಗೆಯ ತಡ. ಅದಕ್ಕೇ ಆನ್‌ಲೈನ್ ಪಾಠದಲ್ಲಿ ಮೇಡಂ ಹೇಳಿಕೊಡುವಾಗ ಎಲ್ಲರ ಮೈಕ್ ಮುಚ್ಚಿರುತ್ತದೆ. ಆಮೇಲೆ ಒಬ್ಬೊಬ್ಬರೇ ತೆರೆದು, ತಮ್ಮ ತಾಳ ತಾವೇ ಹಾಕಿಕೊಂಡು ಹಾಡುತ್ತಾರೆ.

ತಾಳಕ್ಕೆ ಇಷ್ಟು ತೊಂದರೆ ಕೊಡುವ ತಡ ಶ್ರುತಿಗೆ ಏನೂ ಮಾಡುವುದಿಲ್ಲ. ತಂಬೂರಿಯ ನಾದ ಒಂದೇ ಸಮನೆ ಹರಿಯುವುದರಿಂದ ಅದು ಕಾಲು ಸೆಕೆಂಡು ಹಿಂದಿನದಾದರೂ ಷಡ್ಜ ಷಡ್ಜವೇ. ಶ್ರುತಿಗೆ ಕಾಟ ಬರುವುದು ಬೇರೆ ಕಡೆಯಿಂದ. ಮೀಟಿಂಗಿಗೆಂದು ಮಾಡಿದ ಈ ಆ್ಯಪ್‌ಗಳು ಮಾತನ್ನು ಉಳಿಸಿಕೊಂಡು, ಫ್ಯಾನಿನ ಸದ್ದಿನಂತೆ ಒಂದೇ ಸಮನೆ ಬರುವುದನ್ನೆಲ್ಲ ಗದ್ದಲವೆಂದು ಅಳಿಸುತ್ತವೆ. ತಂಬೂರಿಯೂ ಅವಕ್ಕೆ ಗದ್ದಲವೇ. ಮೇಡಂ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಚೆನ್ನಾಗಿ ನುಡಿಯುತ್ತಿದ್ದರೂ ಶಿಷ್ಯರಿಗೆ ಅದು ಬಿಟ್ಟು ಬಿಟ್ಟು ಕೇಳುತ್ತದೆ, ಇಲ್ಲವೆ ಕೇಳುವುದೇ ಇಲ್ಲ. ದೀರ್ಘವಾಗಿ ಹಿಡಿದ ಸ್ವರವೂ ಅಲ್ಲಲ್ಲಿ ಕತ್ತರಿಸಿದಂತೆ ಆಗುತ್ತದೆ. ಝೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ 'Original sound for musicians' ಎಂಬುದನ್ನು ಆರಿಸಿ, ಪಾಠದ ಹೊತ್ತಿನಲ್ಲಿ ಅದನ್ನು ಆನ್ ಮಾಡಿಕೊಂಡರೆ ಈ ಅಳಿಸಾಟ ನಿಲ್ಲುತ್ತದೆ. ಶಿಷ್ಯರು ಇಯರ್‌ಫೋನ್ ಹಾಕಿಕೊಳ್ಳಬೇಕು, ಇಲ್ಲವಾದರೆ ಅವರ ಸ್ಪೀಕರಿನಿಂದ ಬಂದ ತಂಬೂರಿ ಅವರ ಮೈಕಿನೊಳಗೆ ಹೋಗಿ ಮತ್ತೆ ಮೇಡಂ ಬಳಿಗೆ ಬರುತ್ತದೆ. ಬ್ಲೂಟೂತ್ ಇಯರ್‌ಫೋನ್ ತನ್ನದೇ ಸ್ವಲ್ಪ ತಡವನ್ನು ಸೇರಿಸುತ್ತದೆ. ತಂತಿ ಇರುವುದು ಉತ್ತಮ. ಇಷ್ಟೆಲ್ಲ ವಿವರ ಕ್ಯಾಪ್ಷನ್ನಿಗೆ ಬೇಡ. "ತಂತಿ ಇರುವ ಇಯರ್‌ಫೋನ್ ಇಟ್ಟುಕೊಳ್ಳಿ" ಎಂಬ ಒಂದು ಸಾಲು ಸಾಕು.

ಹಾಗಾದರೆ ಉಚಿತ ಪಾಠಕ್ಕೆ ಏನಿಡಬೇಕು? ಕೆಲವರು ಪರಿಚಯ ಭಾಷಣ ಇಡುತ್ತಾರೆ: ಸಂಗೀತದ ಇತಿಹಾಸ, ಪುರಂದರದಾಸರು, ತರಗತಿಯ ವಿವರ, ಶುಲ್ಕ. ಅದು ಪಾಠವಲ್ಲ, ಜಾಹೀರಾತು. ಬಂದವರು ಬಾಯಿ ಬಿಟ್ಟು ಒಂದು ಸಲವಾದರೂ ಹಾಡಬೇಕು. ನನ್ನ ಪ್ರಕಾರ ಉಚಿತ ಪಾಠಕ್ಕೆ ಅತಿ ಒಳ್ಳೆಯ ವಿಷಯ ಶ್ರುತಿ ಗುರುತಿಸುವುದು. ಹೆಂಗಸರಿಗೆ ಸಾಮಾನ್ಯವಾಗಿ ಐದು ಮನೆಯ ಆಸುಪಾಸು, ಗಂಡಸರಿಗೆ ಒಂದು ಮನೆಯ ಆಸುಪಾಸು ಎಂದು ಹೇಳಿಬಿಡಬಹುದಾದರೂ ಪ್ರತಿ ಕಂಠವೂ ಬೇರೆ. ಮಾಯಾಮಾಳವಗೌಳದ ಮೊದಲ ಸರಳೆ ಇದನ್ನು ತೂಗಲು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದು ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಏರಿ ಇಳಿಯುತ್ತದೆ. ಮೇಲಿನ ಷಡ್ಜಕ್ಕೆ ಹೋಗುವಾಗ ಗಂಟಲು ಬಿಗಿದು ಕಿರುಚಿದಂತಾದರೆ ಶ್ರುತಿ ಹೆಚ್ಚಾಯಿತು. ಕೆಳಗಿನ ಷಡ್ಜದಲ್ಲಿ ದನಿ ಗಾಳಿಯಾಗಿ ಹೋದರೆ ಕಡಿಮೆಯಾಯಿತು. ಅರ್ಧ ಮನೆ ಆಚೀಚೆ ಮಾಡಿ ಎರಡು ಸಲ ಹಾಡಿಸಿದರೆ ಸುಮಾರಾಗಿ ಗೊತ್ತಾಗುತ್ತದೆ.

ಇದರಿಂದ ಕಲಿಯುವವರಿಗೆ ಒಂದು ನಿಜವಾದ ಲಾಭವಿದೆ. ಮುಂದೆ ಅವರು ಈ ತರಗತಿಗೆ ಸೇರದಿದ್ದರೂ ತಮ್ಮ ಶ್ರುತಿ ಯಾವುದೆಂದು ತಿಳಿದುಕೊಂಡು ಹೋಗುತ್ತಾರೆ. ಕಲಿಸುವವರಿಗೂ ಲಾಭವಿದೆ: ಗುಂಪು ಪಾಠದಲ್ಲಿ ಎಲ್ಲರಿಗೂ ಒಂದೇ ತಂಬೂರಿ ನುಡಿಯಬೇಕಾದ್ದರಿಂದ ಶ್ರುತಿ ಹೊಂದುವವರನ್ನೇ ಒಂದು ಗುಂಪಿಗೆ ಹಾಕಬೇಕು. ಒಂದು ಮನೆಯ ಗಂಡಸನ್ನೂ ಐದೂವರೆ ಮನೆಯ ಹೆಂಗಸನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಇಬ್ಬರಲ್ಲಿ ಒಬ್ಬರು ಹನ್ನೆರಡು ವಾರದ ತರಗತಿಯುದ್ದಕ್ಕೂ ಕಷ್ಟಪಡುತ್ತಾರೆ. ಅಂದರೆ ಮೊದಲ ಪಾಠ ಆಗದೆ ಯಾರನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಮೇಡಂಗೇ ಗೊತ್ತಿರುವುದಿಲ್ಲ. ಹೀಗಾಗಿ ಹಣ ಕಟ್ಟುವುದು ಉಚಿತ ಪಾಠದ ನಂತರ ಎಂಬ ಕ್ರಮ ತಾನಾಗಿಯೇ ಬರುತ್ತದೆ. ಬರೀ ಔದಾರ್ಯದಿಂದ ಹೇಳಿದ್ದಲ್ಲ ಎಂದು ಓದುವವರಿಗೂ ಅರ್ಥವಾಗುತ್ತದೆ.

ಸಮಯದ ಲೆಕ್ಕವನ್ನೂ ಕ್ಯಾಪ್ಷನ್ನಿಗೆ ಮೊದಲೇ ಹಾಕಬೇಕು. ಝೂಮ್‌ನ ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. ಆದ್ದರಿಂದ ಪಾಠವನ್ನು 35 ನಿಮಿಷಕ್ಕೆ ಕಟ್ಟಬೇಕು. ಸದ್ದು ಸರಿಮಾಡಿಕೊಳ್ಳಲು 5, ಆದಿತಾಳದ ಎಂಟೆಣಿಕೆ ಕಲಿಸಲು 5, ಸರಳೆ ಹೇಳಿಕೊಡಲು 5, ಕೊನೆಯಲ್ಲಿ ಪ್ರಶ್ನೆಗಳಿಗೆ 5 ಹೋದರೆ 15 ನಿಮಿಷ ಉಳಿಯುತ್ತದೆ. ಒಬ್ಬರಿಗೆ ಒಂದೂವರೆ ನಿಮಿಷ ಎಂದರೆ ಹತ್ತು ಜನ. "ಹತ್ತು ಜನಕ್ಕೆ ಮಾತ್ರ" ಎಂದು ಬರೆಯುವ ಹಕ್ಕು ಮೇಡಂಗೆ ಬರುವುದು ಈ ಲೆಕ್ಕದಿಂದ. ಇನ್ನು ಎಂಟು ಜಾಗ ಖಾಲಿ ಇರುವಾಗ "ಎರಡೇ ಸೀಟು ಉಳಿದಿದೆ, ಬೇಗ ಬನ್ನಿ" ಎನ್ನುವುದು ಬೇರೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಆನ್‌ಲೈನ್ ವ್ಯಾಪಾರದ ಹದಿಮೂರು ಮೋಸದ ತಂತ್ರಗಳನ್ನು ಪಟ್ಟಿ ಮಾಡಿವೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು. ಉಚಿತವೆಂದು ಹೇಳಿದ್ದನ್ನು ಪಡೆಯಲು ಹಣ ಪಾವತಿಯ ವಿವರ ಕೇಳುವುದು, ಖಾತೆಯಿಂದ ತಾನಾಗಿ ಹಣ ಕಡಿತವಾಗಲು ಒಪ್ಪಿಗೆ ಪಡೆಯುವುದು ಇನ್ನೊಂದು. ಬೆಲೆಯ ಒಂದು ಪಾಲನ್ನಷ್ಟೇ ಮೊದಲು ತೋರಿಸಿ, ಆಮೇಲೆ ನೋಂದಣಿ ಶುಲ್ಕ, ಪುಸ್ತಕದ ಶುಲ್ಕ ಎಂದು ಏರಿಸುತ್ತ ಹೋಗುವುದೂ ಪಟ್ಟಿಯಲ್ಲಿದೆ. ಪುಟ್ಟ ತರಗತಿಯವರು ಇದನ್ನು ಬೇಕೆಂದೇ ಮಾಡುವುದು ಅಪರೂಪ. ದೊಡ್ಡ ಕಂಪನಿಗಳ ಜಾಹೀರಾತು ನೋಡಿ ಹೀಗೇ ಬರೆಯಬೇಕೇನೋ ಎಂದುಕೊಳ್ಳುತ್ತಾರೆ.

ಇನ್ನು ಸೇರುವ ಹಂತಗಳು. ಇವನ್ನು ಬರೆಯುವವರು ತಮ್ಮ ಮನಸ್ಸಿನಲ್ಲಿರುವ ಕ್ರಮದಲ್ಲಿ ಬರೆಯುತ್ತಾರೆ, ಓದುವವರ ಬೆರಳು ಹೋಗುವ ಕ್ರಮದಲ್ಲಲ್ಲ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅದು ಬರೀ ಅಕ್ಷರ. ಲಿಂಕ್ ಇರಬೇಕಾದ್ದು ಪ್ರೊಫೈಲ್‌ನಲ್ಲಿ, ಅಥವಾ ಸ್ಟೋರಿಯಲ್ಲಿ ಅಂಟಿಸಿದ ಲಿಂಕ್ ಚೀಟಿಯಲ್ಲಿ. ಉದ್ದದ ಗೂಗಲ್ ಫಾರಂಗಿಂತ ನೇರವಾಗಿ ವಾಟ್ಸ್ಆ್ಯಪ್ ತೆರೆಯುವ ಲಿಂಕ್ ನಮ್ಮವರಿಗೆ ಸಲೀಸು. ಅದರ ರೂಪ ಇಷ್ಟೇ:

```
https://wa.me/91XXXXXXXXXX?text=SARALE
```

ಎಕ್ಸ್‌ಗಳಿರುವ ಕಡೆ ಹತ್ತಂಕಿಯ ಫೋನ್ ನಂಬರ್. 91ರ ಮುಂದೆ ಪ್ಲಸ್ ಗುರುತು ಬೇಡ, ನಂಬರಿನ ಮೊದಲು ಸೊನ್ನೆ ಬೇಡ, ನಡುವೆ ಅಡ್ಡಗೆರೆಯಾಗಲಿ ಖಾಲಿ ಜಾಗವಾಗಲಿ ಬೇಡ. ಇದನ್ನು ಒತ್ತಿದರೆ ಮೇಡಂ ನಂಬರಿನ ಚಾಟ್ ತೆರೆದು, SARALE ಎಂದು ಬರೆದೇ ಇರುತ್ತದೆ. ಈ ಪದವನ್ನು ಕನ್ನಡದಲ್ಲೇ ಹಾಕಲು ಅಡ್ಡಿಯಿಲ್ಲವಾದರೂ ಲಿಂಕಿನೊಳಗೆ ಒಂದೊಂದು ಕನ್ನಡ ಅಕ್ಷರ, ಒಂದೊಂದು ಗುಣಿತದ ಗುರುತು ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. 'ಸ' ಒಂದೇ `%E0%B2%B8` ಆಗುತ್ತದೆ. ಅಂಥ ಲಿಂಕನ್ನು ಯಾರಿಗಾದರೂ ಕಳಿಸಿದರೆ ವೈರಸ್ ಎಂದು ಹೆದರುತ್ತಾರೆ. ಇಂಗ್ಲಿಷ್ ಅಕ್ಷರದ ಒಂದು ಪುಟ್ಟ ಗುರುತುಪದ ಸಾಕು.

ಬಹಳ ಜನ ಎಡವುವುದು ಇಲ್ಲೇ. ಚಾಟ್ ತೆರೆದು ಪದ ಬರೆದಿದ್ದು ಕಂಡೊಡನೆ ಕೆಲಸ ಆಯಿತೆಂದು ಫೋನ್ ಕೆಳಗಿಡುತ್ತಾರೆ. ಕಳುಹಿಸುವ ಗುರುತನ್ನು ಒತ್ತದಿದ್ದರೆ ಮೇಡಂಗೆ ಏನೂ ತಲುಪಿರುವುದಿಲ್ಲ. ಆದ್ದರಿಂದ ಅದನ್ನು ಒತ್ತುವುದೂ ಒಂದು ಹಂತವೆಂದೇ ಬರೆಯಬೇಕು.

ಪೂರ್ತಿ ಕ್ಯಾಪ್ಷನ್ ಹೀಗೆ ನಿಲ್ಲುತ್ತದೆ:

> ಇದುವರೆಗೆ ಕಲಿಯದ ದೊಡ್ಡವರಿಗೆ ಸರಳೆ ವರಸೆಯಿಂದ ಕರ್ನಾಟಕ ಸಂಗೀತ. ಮೊದಲ ಪಾಠ ಉಚಿತ: ಜೂನ್ 6, ಶನಿವಾರ ಬೆಳಿಗ್ಗೆ 7.
>
> ಮೊದಲ ಪಾಠದಲ್ಲಿ ನಿಮ್ಮ ಕಂಠಕ್ಕೆ ಹೊಂದುವ ಶ್ರುತಿ ಯಾವುದೆಂದು ನೋಡುತ್ತೇವೆ. ಆದಿತಾಳ ಹಾಕಿಕೊಂಡು ಮೊದಲ ಸರಳೆ ಹಾಡುತ್ತೀರಿ. ಒಬ್ಬೊಬ್ಬರನ್ನೂ ಹಾಡಿಸಿ ಕೇಳುವುದರಿಂದ ಹತ್ತು ಜನಕ್ಕೆ ಮಾತ್ರ ಜಾಗ. ಝೂಮ್‌ನಲ್ಲಿ, 35 ನಿಮಿಷ.
>
> ಸಿಂಗಪುರದಲ್ಲಿ ಶನಿವಾರ ಬೆಳಿಗ್ಗೆ 9.30. ನ್ಯೂಯಾರ್ಕಿನಲ್ಲಿ ಶುಕ್ರವಾರ ರಾತ್ರಿ 9.30. ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ 6.30.
>
> ಸೇರುವುದು ಹೀಗೆ:
> 1. ನಮ್ಮ ಪ್ರೊಫೈಲ್‌ನಲ್ಲಿರುವ ಲಿಂಕ್ ಒತ್ತಿ. ವಾಟ್ಸ್ಆ್ಯಪ್ ತೆರೆಯುತ್ತದೆ.
> 2. SARALE ಎಂದು ಬರೆದೇ ಇರುತ್ತದೆ. ಕಳುಹಿಸುವ ಗುರುತು ಒತ್ತಿ.
> 3. ಹೆಸರು, ಊರು ತಿಳಿಸಿ. ಝೂಮ್ ಲಿಂಕ್ ಅಲ್ಲೇ ಬರುತ್ತದೆ.
> 4. ಪಾಠ ಕೇಳಿ. ಇಷ್ಟವಾದರೆ ಜೂನ್ 10ರೊಳಗೆ ಶುಲ್ಕ ಕಟ್ಟಿ. ಅಲ್ಲಿಯವರೆಗೆ ಏನೂ ಕಟ್ಟಬೇಕಾಗಿಲ್ಲ.
>
> ಪೂರ್ತಿ ತರಗತಿ: ಜೂನ್ 13, 2026ರಿಂದ 12 ಶನಿವಾರ (ಆಗಸ್ಟ್ 15 ರಜೆ). ಶ್ರುತಿಗೆ ತಕ್ಕಂತೆ ಆರಾರು ಜನರ ಗುಂಪು. ಒಟ್ಟು ₹4,800, ಬೇರೆ ಯಾವ ಶುಲ್ಕವೂ ಇಲ್ಲ. ಎರಡು ಪಾಠ ಮುಗಿಯುವುದರೊಳಗೆ ಬಿಟ್ಟರೆ ಉಳಿದ ಹಣ ವಾಪಸ್.
>
> ತಂತಿ ಇರುವ ಇಯರ್‌ಫೋನ್ ಇಟ್ಟುಕೊಳ್ಳಿ.

ಹನ್ನೆರಡು ವಾರದಲ್ಲಿ ಕೀರ್ತನೆ ಹಾಡುತ್ತೀರಿ, ಜೂನಿಯರ್ ಪರೀಕ್ಷೆಗೆ ಕೂರಬಹುದು ಎಂದೆಲ್ಲ ಇಲ್ಲಿ ಬರೆದಿಲ್ಲ. ವಾರಕ್ಕೊಂದು ಪಾಠದಲ್ಲಿ ಹೊಸಬರು ಸರಳೆ ವರಸೆಗಳನ್ನು ಮೂರು ಕಾಲದಲ್ಲಿ ಗಟ್ಟಿಮಾಡಿಕೊಂಡು ಜಂಟಿ ವರಸೆಗೆ ಕಾಲಿಟ್ಟರೆ ಅದೇ ಒಳ್ಳೆಯ ಪ್ರಗತಿ. ಯಾರಾದರೂ ಕೇಳಿದರೆ ಹಾಗೆಯೇ ಹೇಳಬೇಕು.

ಹೊರದೇಶದ ಸಮಯ ಬರೆದದ್ದಕ್ಕೆ ಕಾರಣವಿದೆ. ಶನಿವಾರ ಬೆಳಿಗ್ಗೆ ಎಂದಷ್ಟೇ ಓದಿದ ನ್ಯೂಜೆರ್ಸಿಯ ಕನ್ನಡಿಗರು ತಮ್ಮ ಶನಿವಾರ ಬೆಳಿಗ್ಗೆ ಎದ್ದು ಲಿಂಕ್ ಒತ್ತುತ್ತಾರೆ; ಪಾಠ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. ಎಲ್ಲ ದೇಶಕ್ಕೂ ಹೊಂದುವ ಹೊತ್ತು ಎಂಬುದೂ ಇಲ್ಲ. ನಮ್ಮ ಬೆಳಿಗ್ಗೆ 7 ಎಂದರೆ ಜೂನ್‌ನಲ್ಲಿ ಲಂಡನ್ನಿನ ನಡುರಾತ್ರಿ 2.30. ಅವರಿಗೆ ಬೇರೆ ಗುಂಪು ಮಾಡಬೇಕು, ಇಲ್ಲವೆ ಅವರ ಹೆಸರು ಎತ್ತದೆ ಬಿಡಬೇಕು. ಜೊತೆಗೆ ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಆಮೇಲಿನ ತರಗತಿಗೆ ಇದೇ ಕ್ಯಾಪ್ಷನ್ ಬಳಸಿದರೆ ನ್ಯೂಯಾರ್ಕಿನ 9.30ನ್ನು 8.30 ಎಂದು ತಿದ್ದಬೇಕು. ಅಮೆರಿಕದ ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಹಣ ಕಟ್ಟಲಾಗದು ಎಂಬುದೂ ನೆನಪಿರಲಿ. ಅಲ್ಲಿನವರನ್ನು ಕರೆಯುವುದಾದರೆ ಕಟ್ಟುವ ಬೇರೆ ದಾರಿ ಮೊದಲೇ ತಯಾರಿರಬೇಕು.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಸ್ವಾಗತದ ಮಾತನ್ನು ಮೊದಲೇ ಬರೆದಿಟ್ಟರೆ, SARALE ಎಂದು ಬಂದವರಿಗೆ ಅದು ತಾನಾಗಿ ಹೋಗುತ್ತದೆ. ಮೇಡಂ ಪಾಠದಲ್ಲಿದ್ದಾಗಲೂ ಕೇಳಿದವರು ಕಾಯಬೇಕಾಗಿಲ್ಲ. ಹಿಂದಿನ ಸಂಜೆ ಒಮ್ಮೆ, ಪಾಠಕ್ಕೆ ಹದಿನೈದು ನಿಮಿಷ ಮುಂಚೆ ಒಮ್ಮೆ ನೆನಪಿಸಬೇಕು. ಉಚಿತವಾದದ್ದನ್ನು ಜನ ಸುಲಭವಾಗಿ ಮರೆಯುತ್ತಾರೆ.

ಕ್ಯಾಪ್ಷನ್ ಕೆಲಸ ಮಾಡಿತೇ ಎಂದು ತಿಳಿಯಲು ಲೈಕ್‌ಗಳನ್ನು ಎಣಿಸಬೇಡಿ. ಎಷ್ಟು ಜನ ಸಂದೇಶ ಕಳಿಸಿದರು, ಅವರಲ್ಲಿ ಎಷ್ಟು ಜನ ಪಾಠಕ್ಕೆ ಬಂದರು, ಎಷ್ಟು ಜನ ಶುಲ್ಕ ಕಟ್ಟಿದರು ಎಂಬ ಮೂರು ಅಂಕಿ ಬರೆದಿಡಿ. ಲೈಕ್ ಬಂದು ಸಂದೇಶ ಬರದಿದ್ದರೆ ಲಿಂಕ್ ಸಿಕ್ಕಿಲ್ಲ, ಅಥವಾ ಸಿಕ್ಕರೂ ತೆರೆಯುತ್ತಿಲ್ಲ. ಬಂದ ಸಂದೇಶಗಳೆಲ್ಲ "ಫೀಸ್ ಎಷ್ಟು?" ಎಂದೇ ಕೇಳುತ್ತಿದ್ದರೆ ಶುಲ್ಕದ ಸಾಲು ಕಣ್ಣಿಗೆ ಬೀಳುತ್ತಿಲ್ಲ. ಹೆಸರು ಕೊಟ್ಟವರು ಬರದಿದ್ದರೆ ಸಮಯದಲ್ಲೋ ನೆನಪಿಸುವುದರಲ್ಲೋ ಲೋಪವಿದೆ. ಎಲ್ಲರೂ ಬಂದು, ಯಾರೂ ಸೇರದಿದ್ದರೆ ಕ್ಯಾಪ್ಷನ್ನನ್ನು ದೂರುವಂತಿಲ್ಲ. ಆಗ ನೋಡಬೇಕಾದ್ದು ಪಾಠವನ್ನು, ಶುಲ್ಕವನ್ನು.

ನಮ್ಮಲ್ಲಿ ಇಂಥ ಬರಹ ಇನ್‌ಸ್ಟಾಗ್ರಾಂನಲ್ಲೇ ಉಳಿಯುವುದಿಲ್ಲ. ಯಾರೋ ಚಿತ್ರವನ್ನಷ್ಟೇ ಉಳಿಸಿಕೊಂಡು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ, ಅಲ್ಲಿಂದ ಅದು ಮಹಿಳಾ ಸಮಾಜದ ಗುಂಪಿಗೆ ಹೋಗುತ್ತದೆ, ದೀಪಾವಳಿ ಹೊತ್ತಿಗೂ ಸುತ್ತುತ್ತಿರುತ್ತದೆ. ಕ್ಯಾಪ್ಷನ್ ಅದರ ಜೊತೆ ಹೋಗುವುದಿಲ್ಲ, ಪ್ರೊಫೈಲ್ ಲಿಂಕೂ ಹೋಗುವುದಿಲ್ಲ. ಹಾಗಾಗಿ ಚಿತ್ರದ ಮೇಲೆಯೇ ಇಸವಿ ಸಹಿತ ದಿನಾಂಕ ಮತ್ತು ವಾಟ್ಸ್ಆ್ಯಪ್ ನಂಬರ್ ಇರಲಿ. ಇನ್‌ಸ್ಟಾಗ್ರಾಂನ ಬರಹವನ್ನು ಮಾತ್ರ ಯಾವಾಗ ಬೇಕಾದರೂ ತಿದ್ದಬಹುದು. ಹತ್ತು ಜಾಗ ತುಂಬಿದ ದಿನವೇ ಮೊದಲ ಸಾಲಿನಲ್ಲಿ ತುಂಬಿತೆಂದು ಬರೆದುಬಿಡಿ.

ಪ್ರಕಟಿಸುವ ಮೊದಲು ಒಂದು ಕೆಲಸ ಬಾಕಿ ಇದೆ. ನಿಮ್ಮ ನಂಬರಾಗಲಿ ತರಗತಿಯಾಗಲಿ ಗೊತ್ತಿಲ್ಲದ ಒಬ್ಬರ ಕೈಗೆ ಅವರದೇ ಫೋನ್ ಕೊಟ್ಟು, ಕ್ಯಾಪ್ಷನ್ ಓದಿ ಸೇರಲು ಹೇಳಿ. ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಅವರು ಬಾಯಿಬಿಟ್ಟು "ಈಗ ಏನು ಮಾಡಬೇಕು?" ಎಂದು ಕೇಳಿದ ಜಾಗವನ್ನು ಮತ್ತೆ ಬರೆಯಿರಿ.